ಸಬ್ರೊಗೇಶನ್ ಅಂದರೆ ‘ಹಕ್ಕು ವರ್ಗಾವಣೆ’ಯೇ? ಸಾಲ್ವೇಜ್ ಅಂದರೆ ‘ಗುಜರಿ’ಯೇ?

ಅನುವಾದಕಿ: ಸರಕು ಸಾಗಣೆ ವಿಮೆಯ ಪಾಲಿಸಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪರಿಹಾರ ಕೊಟ್ಟ ಮೇಲೆ ಆ ಹಣವನ್ನು ನಷ್ಟ ಮಾಡಿದವರಿಂದ ವಸೂಲು ಮಾಡಲು ಕಂಪನಿಗೆ ಬರುವ ಹಕ್ಕನ್ನು ಅಲ್ಲಿ ಸಬ್ರೊಗೇಶನ್ ಎಂದಿದ್ದಾರೆ. ‘ಹಕ್ಕು ವರ್ಗಾವಣೆ’ ಎಂದರೆ ಸಾಕೇ? ಹಾಳಾದ ಮಾಲಿಗೆ ಸಾಲ್ವೇಜ್ ಎಂಬ ಪದವಿದೆ. ಅದಕ್ಕೆ ‘ಗುಜರಿ’ ಹೊಂದುತ್ತದೆಯೇ?

ಓದುಗ: ಸಾಲ್ವೇಜ್ ಅಂದರೆ ಅಪಾಯಕ್ಕೆ ಸಿಕ್ಕ ಹಡಗನ್ನು ಉಳಿಸಿದವರಿಗೆ ಸಲ್ಲುವ ಸಂಭಾವನೆ ಅಲ್ಲವೇ? ‘ರಕ್ಷಣಾ ಸಂಭಾವನೆ’ ಎನ್ನಿ.

ವಕೀಲರು: ಆ ಅರ್ಥವೂ ಇದೆ, ಆದರೆ ಅದು ಕಡಲ ಕಾನೂನಿನದು. ಈ ಪಾಲಿಸಿಯಲ್ಲಿ ಕೇಳುತ್ತಿರುವುದು ನಷ್ಟದ ನಂತರವೂ ಬೆಲೆ ಉಳಿದಿರುವ ಮಾಲಿನ ಬಗ್ಗೆ.

‘ಹಕ್ಕು ವರ್ಗಾವಣೆ’ಯನ್ನು ಮಾತ್ರ ದಯವಿಟ್ಟು ಬಳಸಬೇಡಿ. ಅದು ಅಸೈನ್‌ಮೆಂಟ್. ವರ್ಗಾವಣೆಯಾದರೆ ಹಕ್ಕು ನಿಮ್ಮ ಕೈಬಿಟ್ಟು ಹೋಗುತ್ತದೆ, ಪಡೆದವರು ತಮ್ಮದೇ ಹೆಸರಿನಲ್ಲಿ ದಾವೆ ಹೂಡುತ್ತಾರೆ. ಸಬ್ರೊಗೇಶನ್‌ನಲ್ಲಿ ಹಕ್ಕು ನಿಮ್ಮದಾಗಿಯೇ ಇರುತ್ತದೆ, ಕಂಪನಿ ನಿಮ್ಮ ಜಾಗದಲ್ಲಿ ನಿಂತು ಅದನ್ನು ಚಲಾಯಿಸುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ದಾವೆ ಮಾಲೀಕರ ಹೆಸರಿನಲ್ಲೇ ನಡೆಯುವುದರಿಂದ, ಹಣ ಕೊಡುವಾಗ ಕಂಪನಿ ಅವರಿಂದ ಸಹಿ ಮಾಡಿದ ಪತ್ರ ಪಡೆಯುತ್ತದೆ.

ಈ ವ್ಯತ್ಯಾಸಕ್ಕೆ ಹಣದ ತೂಕವಿದೆ. 1945ರಲ್ಲಿ ಕೆನಡಾದ ನೌಕಾಪಡೆಯ ಹಡಗು ಬಡಿದು ‘ಬ್ಲೇರ್‌ನೆವಿಸ್’ ಮುಳುಗಿತು. ವಿಮಾದಾರರು 72,000 ಪೌಂಡ್ ಕೊಟ್ಟರು. 1949ರಲ್ಲಿ ಪೌಂಡ್ ಅಪಮೌಲ್ಯವಾದ ಕಾರಣ, ಆಮೇಲೆ ಕೆನಡಾ ಸರ್ಕಾರ ಡಾಲರ್‌ನಲ್ಲಿ ಕೊಟ್ಟ ಪರಿಹಾರ ಪೌಂಡ್‌ಗೆ ಬದಲಾಯಿಸಿದಾಗ ಸುಮಾರು 1,27,000 ಆಯಿತು. ಕೊಟ್ಟದ್ದಷ್ಟನ್ನೇ ವಿಮಾದಾರರು ಹಿಂಪಡೆಯಬಹುದು, ಹೆಚ್ಚಿನದು ಹಡಗಿನ ಮಾಲೀಕರದು ಎಂದು ತೀರ್ಪಾಯಿತು. ಅದು ಹಕ್ಕು ವರ್ಗಾವಣೆ ಆಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ವ್ಯಾಪಾರಿ: ಪದ ಯಾವುದಾದರೂ ಇರಲಿ, ದುಡ್ಡು ಕೊಟ್ಟ ಮೇಲೆ ಹಾಳಾದ ಮಾಲು ಕಂಪನಿಯದೇ ತಾನೆ? ನನ್ನ ಕ್ಲೇಮಿನಲ್ಲಿ ಮಾಲನ್ನು ನನ್ನಲ್ಲೇ ಬಿಟ್ಟು, ಪರಿಹಾರದಲ್ಲಿ ಅದರ ಬೆಲೆ ಮುರಿದುಕೊಂಡರು. ಮೋಸ ಅನ್ನಿಸಿತು.

ಸರ್ವೇಯರ್: ನೀವು ಹೇಳಿದ್ದು ಅರ್ಧ ಸರಿ. ಪೂರ್ತಿ ಮಾಲಿನ ಬೆಲೆ ಕೊಟ್ಟರೆ ಅದನ್ನು ತೆಗೆದುಕೊಳ್ಳುವ ಅಧಿಕಾರ ಕಂಪನಿಗಿದೆ, ತೆಗೆದುಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ.

10 ಲಕ್ಷ ಬೆಲೆಯ ಬಟ್ಟೆಯ ಥಾನುಗಳು ಲಾರಿಯ ಹರಿದ ಟಾರ್ಪಾಲಿನಿಂದಾಗಿ ಮಳೆಗೆ ನೆನೆದವು ಎನ್ನಿ. ತಕ್ಷಣ ಬಿಡಿಸಿ ಒಣಗಿಸಿದರೆ ಬೂಷ್ಟು ಹಿಡಿಯುವುದಿಲ್ಲ, ಕಡಿಮೆ ಬೆಲೆಗಾದರೂ ಹೋಗುತ್ತದೆ. ಬಿಡ್ ಕರೆದಾಗ 3 ಲಕ್ಷ ಬಂತು. ಮಾಲು ಮಾಲೀಕರಲ್ಲೇ ಉಳಿದರೆ ನಷ್ಟ 7 ಲಕ್ಷ. ಪಾಲಿಸಿಯಂತೆ ಅವರೇ ಹೊರಬೇಕಾದ 50 ಸಾವಿರ ಕಳೆದರೆ ಕೈಗೆ ಆರೂವರೆ ಲಕ್ಷ. ಕಂಪನಿಯೇ ಮಾಲು ಒಯ್ದರೆ ಒಂಬತ್ತೂವರೆ. ಎರಡರಲ್ಲೂ ಮಾಲೀಕರು ಹೊರುವುದು 50 ಸಾವಿರವನ್ನೇ. ಮೋಸ ಆಗುವುದು ಬಿಡ್ ಇಲ್ಲದೆ ಅಂದಾಜಿನ ಬೆಲೆ ಮುರಿದಾಗ. ಹಾಗಾದರೆ, ಆ ಬೆಲೆಗೆ ಕೊಳ್ಳುವವರನ್ನು ತೋರಿಸಿ ಎಂದು ಬರಹದಲ್ಲಿ ಕೇಳಿ.

ಇಲ್ಲಿ ‘ಗುಜರಿ’ ಅಂದರೆ ಒಣಗಿಸಿ ಮಾರಬಹುದಾದ ಬಟ್ಟೆಯನ್ನು ಚಿಂದಿ ಎಂದಂತೆ. ‘ಉಳಿಕೆ ಮಾಲು’ ಎನ್ನುವುದು ಮೇಲು.

ಅನುವಾದಕಿ: ಹಾಗಾದರೆ ಲಾರಿಯವರ ಮೇಲಿನ ವಸೂಲಿ?

ಸರ್ವೇಯರ್: ಅದು ಕೆಡುವುದು ಮಾಲು ಇಳಿಸುವ ಹೊತ್ತಿನಲ್ಲೇ. ರಸೀದಿಯಲ್ಲಿ ‘ಇಷ್ಟು ಥಾನು ಒದ್ದೆ’ ಎಂದು ಬರೆಯದೆ ಸಹಿ ಹಾಕಿದರೆ, ನಿಮ್ಮ ಗೋದಾಮಿನಲ್ಲೇ ನೆನೆಯಿತು ಎಂದು ಲಾರಿಯವರು ವಾದಿಸುತ್ತಾರೆ. ಟಾರ್ಪಾಲಿನ ಫೋಟೋ ಬೇಕು, ಸಾಗಣೆದಾರರಿಗೆ ಗಡುವಿನೊಳಗೆ ಲಿಖಿತ ನೋಟಿಸೂ ಬೇಕು.

ವಕೀಲರು: ಅದಕ್ಕಿಂತ ದೊಡ್ಡ ತಪ್ಪು, ಕಂಪನಿಗೆ ತಿಳಿಸದೆ ಅವರಿಂದ ಒಂದಿಷ್ಟು ಪಡೆದು ‘ಇನ್ನು ತಕರಾರಿಲ್ಲ’ ಎಂದು ಬರೆದುಕೊಡುವುದು. ಕಂಪನಿ ನಿಂತಿರುವುದು ನಿಮ್ಮ ಜಾಗದಲ್ಲಿ. ನಿಮಗಿಲ್ಲದ ಹಕ್ಕು ಅದಕ್ಕೂ ಇಲ್ಲ. ಆಗ ಆ ನಷ್ಟವನ್ನು ಅದು ನಿಮ್ಮಿಂದಲೇ ಕೇಳಬಹುದು.

ವ್ಯಾಪಾರಿ: ಲಾರಿಯವರು 7 ಲಕ್ಷದ ಬದಲು 4 ಲಕ್ಷವನ್ನೇ ಕೊಟ್ಟರೆ, ನನ್ನ 50 ಸಾವಿರ ಮೊದಲು ಬರುತ್ತದೆಯೇ?

ವಕೀಲರು: ಇದರಲ್ಲಿ ಒಮ್ಮತವಿಲ್ಲ. 1993ರ ಇಂಗ್ಲಿಷ್ ತೀರ್ಪೊಂದರಂತೆ ನೀವೇ ಹೊರಲು ಒಪ್ಪಿದ ಪಾಲು ಕೊನೆಯದು, 4 ಲಕ್ಷವೂ ಕಂಪನಿಗೇ. ಅಮೆರಿಕದ ಹಲವು ನ್ಯಾಯಾಲಯಗಳು ಮೊದಲು ಮಾಲೀಕರ ನಷ್ಟ ಪೂರ್ತಿ ತುಂಬಲಿ ಎನ್ನುತ್ತವೆ. ಪಾಲಿಸಿಯಲ್ಲಿ ಏನು ಬರೆದಿದೆ ಎಂಬುದನ್ನು ಮೊದಲು ನೋಡಬೇಕು.

ಅನುವಾದಕಿ: ‘ಉಳಿಕೆ ಮಾಲು’ ಇಟ್ಟುಕೊಂಡೆ. ಸಬ್ರೊಗೇಶನ್‌ಗೆ ‘ಬದಲಿ ನಿಂತು ವಸೂಲು ಮಾಡುವ ಹಕ್ಕು’ ಎಂದು ಬರೆದಿದ್ದೇನೆ. ಶೀರ್ಷಿಕೆಗೆ ಉದ್ದವಾಯಿತು.

ಓದುಗ: ‘ಸ್ಥಾನಾಪನ್ನ ಹಕ್ಕು’?

ಸರ್ವೇಯರ್: ಪಾಲಿಸಿ ಕೊಂಡವರಿಗೆ ಅರ್ಥವಾಗುವುದು ಉದ್ದನೆಯದೇ.