ಕಾಂಟ್ರಾಕ್ಟ್ ಪ್ರಬಂಧಕ್ಕೆ 38% ಹೋಲಿಕೆ: ಯಾವುದನ್ನು ಬಿಡಲಿ, ಯಾವುದನ್ನು ತಿದ್ದಲಿ?

ಬಳ್ಳಾರಿ_ಎಲ್‌ಎಲ್‌ಬಿ: ಮೈನರ್ ಮಾಡಿದ ಒಪ್ಪಂದದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದೆ. ನಕಲು ಹುಡುಕುವ ತಂತ್ರಾಂಶದ ಹೋಲಿಕೆ ವರದಿ 38% ತೋರಿಸುತ್ತಿದೆ. ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 10, 11 ಇದ್ದಹಾಗೇ ಹಾಕಿದ್ದೇನೆ. ಮೊಹೋರಿ ಬೀಬಿ ಕೇಸಿನ ಸಾರಾಂಶಕ್ಕೆ ಅಡಿಟಿಪ್ಪಣಿ ಇದೆ. ಸೋಮವಾರ ಕೊಡಬೇಕು. ಸೆಕ್ಷನ್‌ಗಳನ್ನು ನನ್ನ ಮಾತಲ್ಲಿ ಬರೆದುಬಿಡಲಾ?

ಗಂಗಾವತಿ_ಭತ್ತ: ಸುಮ್ನೆ ತಲೆ ಕೆಡಿಸ್ಕೋಬೇಡಿ. ಯುಜಿಸಿಯ 2018ರ ನಿಯಮದಲ್ಲಿ ಕಾನೂನನ್ನು ಹೋಲಿಕೆ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ನಿಮ್ಮದೆಲ್ಲ ಕಾನೂನೇ ಅಲ್ವಾ? 38 ನಡೆಯುತ್ತದೆ.

ರಾಯಚೂರು_ವಕೀಲ: ಅರ್ಧ ಸರಿ. ಬಿಟ್ಟಿರುವುದು ಕಾನೂನನ್ನು, ಕೇಸಿನ ಬಗ್ಗೆ ಬೇರೆಯವರು ಬರೆದ ಸಾರಾಂಶವನ್ನಲ್ಲ. ತಂಗಿ/ತಮ್ಮ, ಸೆಕ್ಷನ್ ಮಾತ್ರ ಮುಟ್ಟಬೇಡಿ. 11ರಲ್ಲಿರುವ “ಸೌಂಡ್ ಮೈಂಡ್” ಬದಲು “ಹೆಲ್ತಿ ಮೈಂಡ್” ಅಂತ ಬರೆದರೆ ಅದು ಕಾನೂನೇ ಅಲ್ಲ. ಜೋಡಿ ಉದ್ಧರಣ ಚಿಹ್ನೆ ಹಾಕಿ, ವರದಿಯಲ್ಲಿ ಉದ್ಧರಣೆ ಬಿಡುವ ಫಿಲ್ಟರ್ ಹಾಕಿ. ಎಷ್ಟಕ್ಕಿಳಿಯಿತು ಹೇಳಿ.

ಬಳ್ಳಾರಿ_ಎಲ್‌ಎಲ್‌ಬಿ: ತಂಗಿ, ಸರ್. 21ಕ್ಕಿಳಿಯಿತು. ಅದರಲ್ಲಿ 12 ಒಂದೇ ನೋಟ್ಸ್ ಸೈಟಿನದು. ಉಳಿದದ್ದು ಕೇಸಿನ ಹೆಸರು, ಅಡಿಟಿಪ್ಪಣಿ, “ವಾಯ್ಡ್ ಅಬ್ ಇನಿಶಿಯೋ” ತರದ ಚೂರುಗಳು.

ರಾಯಚೂರು_ವಕೀಲ: ಚೂರುಗಳು ಎಲ್ಲರ ಪ್ರಬಂಧದಲ್ಲೂ ಬರುತ್ತವೆ, ಬಿಡಿ. ರೋಗ ಇರುವುದು ಆ 12ರಲ್ಲಿ. ನೀವು ಅಡಿಟಿಪ್ಪಣಿಯಲ್ಲಿ ತೀರ್ಪು ತೋರಿಸಿದ್ದೀರಿ, ಓದಿದ್ದು ಸೈಟನ್ನು. ಮೂಲ ಹೇಳಿದ ಮಾತ್ರಕ್ಕೆ ವಾಕ್ಯಗಳು ನಿಮ್ಮವಾಗಲ್ಲ. 20,000 ರೂಪಾಯಿ, ಮನೆ ಅಡಮಾನ, 1903, ಪ್ರಿವಿ ಕೌನ್ಸಿಲ್: ಇವು ಯಾರು ಬರೆದರೂ ಒಂದೇ. ಆದರೆ ಅದೇ ಸಾಲುಗಳು ಅದೇ ಕ್ರಮದಲ್ಲಿ ಬಂದರೆ ನಕಲು.

ತೀರ್ಪು ಓದಿ, ಮುಚ್ಚಿಟ್ಟು, ನಿಮ್ಮ ಪ್ರಶ್ನೆಗೆ ಬೇಕಾದಷ್ಟೇ ಬರೆಯಿರಿ. ಸಾಲ ಕೊಟ್ಟವನ ಕಡೆಯ ಅಟಾರ್ನಿಗೆ ಹುಡುಗ ಮೈನರ್ ಅಂತ ಗೊತ್ತಿತ್ತು. ಹಾಗಾಗಿ “ನೀನೇ ಮೇಜರ್ ಅಂದಿದ್ದೆ” ಎಂಬ ಎಸ್ಟಾಪಲ್ ವಾದ ನಿಲ್ಲಲಿಲ್ಲ. ನಿಮ್ಮ ವಾದಕ್ಕೆ ಇಷ್ಟು ಸಾಕು. ಹೆಡ್‌ನೋಟ್ ಕೂಡ ಎತ್ತಬೇಡಿ. ಈಸ್ಟರ್ನ್ ಬುಕ್ ಕಂಪನಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೂಲ ಪಠ್ಯವನ್ನು ಎಲ್ಲರಿಗೂ ಬಿಟ್ಟಿತು, ಸಂಪಾದಕರು ಬರೆದ ಹೆಡ್‌ನೋಟನ್ನು ಬಿಡಲಿಲ್ಲ.

ಕೊಪ್ಪಳ_ಕನ್ನಡ: ನಾನು ಕನ್ನಡದಲ್ಲೇ ಬರೆದು ಕೊಟ್ಟೆ, 0% ಬಂತು! ಕನ್ನಡದಲ್ಲಿ ಬರೆದರೆ ತೊಂದರೆನೇ ಇಲ್ಲ.

ರಾಯಚೂರು_ವಕೀಲ: ನುಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದಿರಾ? ಯೂನಿಕೋಡ್ ಅಲ್ಲದಿದ್ದರೆ ತಂತ್ರಾಂಶಕ್ಕೆ ಕಾಣುವುದು ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ. ಅದು ಹೋಲಿಸಿಯೇ ಇರಲ್ಲ.

ಕೊಪ್ಪಳ_ಕನ್ನಡ: ಹೌದು ಸರ್, ನುಡಿಯೇ 🙈

ಬಳ್ಳಾರಿ_ಎಲ್‌ಎಲ್‌ಬಿ: ಆ ಪ್ಯಾರಾ ಹೊಸದಾಗಿ ಬರೆದೆ, ಈಗ 9%. ಆದರೆ ನಮ್ಮ ಮೇಡಂ ಫಿಲ್ಟರ್ ಹಾಕದೆ ನೋಡುತ್ತಾರಂತೆ. ಹಾಗೆ ನೋಡಿದರೆ 26.

ಗಂಗಾವತಿ_ಭತ್ತ: ನಿಯಮ ತೋರಿಸಿ!

ರಾಯಚೂರು_ವಕೀಲ: ಜಗಳ ಬೇಡ. ಎರಡೂ ವರದಿ ಪಿಡಿಎಫ್ ತೆಗೆದುಕೊಂಡು ಸೋಮವಾರಕ್ಕೆ ಮೊದಲೇ ಹೋಗಿ ಕೇಳಿ. ಅವರು ಒಪ್ಪುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು.