ರಿಪೋರ್ಟಿನಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು ಮೂರೂ ತಪ್ಪು. ತಿದ್ದಿಸುವುದು ಹೇಗೆ?

ನಾಗರಾಜ್, ಗುಬ್ಬಿ: ನನ್ನ ಹೆಂಡತಿಗೆ ಈಗ 17ನೇ ವಾರ, ಮೊದಲ ಬಸಿರು. ಹೆಸರು ಮಂಜುಳಾ ಎನ್., ವಯಸ್ಸು 36. ಎರಡು ತಿಂಗಳ ಹಿಂದೆ ಊರಿನ ಹತ್ತಿರದ ಲ್ಯಾಬ್‌ನಲ್ಲಿ ರಕ್ತ ಕೊಟ್ಟಿದ್ದೆವು. ಆ ರಿಪೋರ್ಟಿನಲ್ಲಿ ಮಂಜುಳ ಎಂ., 26, ಬಿ ಪಾಸಿಟಿವ್ ಅಂತಿದೆ. ಅದನ್ನೇ ನೋಡಿ ತಾಯಿ ಕಾರ್ಡಿನಲ್ಲೂ ವಯಸ್ಸು, ಗುಂಪು ಬರೆದಿದ್ದಾರೆ. ಹತ್ತು ದಿನ ಬಿಟ್ಟು ತುಮಕೂರಿನ ಆಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆದಾಗ ಬಿ ನೆಗೆಟಿವ್ ಬಂದಿತ್ತು. ನಾವು ಗಮನಿಸಿದ್ದು ನಿನ್ನೆ. ಮೂರೂ ತಪ್ಪನ್ನು ಸರಿ ಮಾಡಿಸಲು ಯಾರಿಗೆ ಅರ್ಜಿ ಕೊಡಬೇಕು? ಆಧಾರ್ ಸಾಕಾ?

ಮಂಜುನಾಥ್, ಕುಣಿಗಲ್: ಸುಮ್ನೆ ಓಡಾಡಬೇಡಿ. ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸೀಲ್ ಹಾಕಿಸಿ ಕೊಡಿ. ನಮ್ಮ ತಂದೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೆಸರು ತಪ್ಪಿದ್ದಾಗ ಹಾಗೇ ಮಾಡಿದ್ದೆವು. ಒಂದೇ ದಿನದಲ್ಲಿ ಬೇರೆ ಕೊಟ್ಟರು.

ರುಕ್ಮಿಣಿ, ಶಿರಾ: ಆಧಾರ್‌ನಲ್ಲಿ ವಯಸ್ಸು ತಪ್ಪಿದ್ದರೆ ಆಧಾರ್ ಕೇಂದ್ರಕ್ಕೇ ಹೋಗಬೇಕು ಅಣ್ಣ. ನಮ್ಮ ಮಗಳದ್ದು ಟಿಸಿ ತೋರಿಸಿ ಸರಿ ಮಾಡಿಸಿದೆವು.

ನಾಗರಾಜ್, ಗುಬ್ಬಿ: ಅಕ್ಕ, ಆಧಾರ್ ಸರಿಯಾಗಿಯೇ ಇದೆ. ತಪ್ಪಿರೋದು ಲ್ಯಾಬ್ ರಿಪೋರ್ಟಿನಲ್ಲಿ.

ಶೋಭಾ, ತುಮಕೂರು (ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ 19 ವರ್ಷ): ನಾಗರಾಜ್ ಅವರೇ, ಅರ್ಜಿ ಬರೆಯುವುದು ಸ್ವಲ್ಪ ತಡೆಯಿರಿ. ಹೆಸರೊಂದೇ ತಪ್ಪಿದ್ದರೆ ಕೌಂಟರಿನಲ್ಲಿ ಟೈಪ್ ಮಾಡಿದವರ ಕೈತಪ್ಪು ಎನ್ನಬಹುದು. ವಯಸ್ಸೊಂದೇ ತಪ್ಪಿದ್ದರೂ ಹಾಗೇ. ಆದರೆ ಒಂದೇ ಹಾಳೆಯಲ್ಲಿ ಇನಿಶಿಯಲ್ ಬೇರೆ, ವಯಸ್ಸು ಬೇರೆ, ರಕ್ತದ ಗುಂಪೂ ಬೇರೆ ಅಂದರೆ ನನಗೆ ಮೊದಲು ಬರುವ ಅನುಮಾನವೇ ಬೇರೆ. ಅದು ತಪ್ಪಿರುವ ನಿಮ್ಮ ರಿಪೋರ್ಟ್ ಅಲ್ಲ, ಸರಿಯಾಗಿಯೇ ಇರುವ ಇನ್ನೊಬ್ಬ ಮಂಜುಳಾಳ ರಿಪೋರ್ಟ್ ಇರಬಹುದು.

ಹಾಗಿದ್ದರೆ ಮೇಲಿನ ಹೆಸರು ತಿದ್ದಿಸುವುದು ಅಪಾಯ. ಬೇರೆಯವರ ರಕ್ತದ ಫಲಿತಾಂಶಕ್ಕೆ ನಿಮ್ಮವರ ಹೆಸರು ಅಂಟಿಸಿದಂತಾಗುತ್ತದೆ. ಆ ಹಾಳೆಯಲ್ಲಿ ಗುಂಪು ಮಾತ್ರ ಇರಲ್ಲ, ಹಿಮೋಗ್ಲೋಬಿನ್, ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಬಿ ಎಲ್ಲವೂ ಇರುತ್ತವೆ.

ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು, ಸಿಬಿಸಿ ಭಾಗದಲ್ಲಿ ಎಂಸಿವಿ ಅನ್ನೋ ಸಾಲು ಹುಡುಕಿ. ಎರಡರಲ್ಲೂ ಎಷ್ಟಿದೆ ಹೇಳಿ.

ಮಂಜುನಾಥ್, ಕುಣಿಗಲ್: ಮೇಡಂ, ಅಫಿಡವಿಟ್ ಬೇಡ ಅಂತೀರಾ?

ಶೋಭಾ, ತುಮಕೂರು: ನಿಮ್ಮ ತಂದೆಯ ವಿಷಯಕ್ಕೆ ಅದು ಸರಿಹೋಗಿರಬಹುದು. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರಿದ್ದು, ಇಬ್ಬರೂ ಒಬ್ಬರೇ ಅಂತ ತೋರಿಸಬೇಕಾದಾಗ ನಾವೂ ಅಫಿಡವಿಟ್ ಕೇಳುತ್ತೇವೆ. ಬರೀ ಕಾಗುಣಿತ ತಪ್ಪಿದ್ದರೆ ಗುರುತಿನ ಚೀಟಿಯ ನಕಲು ಸಾಕು. ಆದರೆ ರಕ್ತದ ಗುಂಪಿಗೆ ನೋಟರಿ ಏನು ಸಾಕ್ಷಿ ಹೇಳುತ್ತಾರೆ? ಅದಕ್ಕೆ ಸಾಕ್ಷಿ ರಕ್ತ ಒಂದೇ.

ಇಮ್ರಾನ್, ಲ್ಯಾಬ್ ಟೆಕ್ನಿಷಿಯನ್: ಎಂಸಿವಿ ಯಾಕೆ ಅಂತ ನಾನು ಹೇಳ್ತೀನಿ. ಅದು ಕೆಂಪು ರಕ್ತಕಣದ ಗಾತ್ರ. ಹಿಮೋಗ್ಲೋಬಿನ್ ಅಷ್ಟಿಷ್ಟು ಏರಿಳಿಯುತ್ತದೆ, ಸಕ್ಕರೆ ಅಂತೂ ಊಟ ಮಾಡಿದರೆ ಬದಲಾಗುತ್ತದೆ. ಕಣದ ಗಾತ್ರ ಹಾಗಲ್ಲ. ಅದೇ ಮನುಷ್ಯನಲ್ಲಿ ಹತ್ತು ದಿನಕ್ಕೆ ಎರಡು ಮೂರು ಅಂಕಿ ಆಚೀಚೆ ಆದರೆ ಸಹಜ. ಹತ್ತು ಹದಿನೈದು ವ್ಯತ್ಯಾಸ ಇದ್ದರೆ, ನಡುವೆ ರಕ್ತ ಹಾಕಿಸಿಕೊಂಡಿಲ್ಲ ಅಂದರೆ, ಅವು ಇಬ್ಬರು ಬೇರೆ ಬೇರೆ ಜನರ ರಕ್ತ ಅಂತಲೇ ನಾವು ಅನುಮಾನ ಪಡೋದು.

ಇನ್ನೊಂದು ಮಾತು. ಗುಂಪು ಮಾತ್ರ ತಪ್ಪಿದ್ದು ಬೇರೆಲ್ಲ ಹೊಂದಿಕೊಂಡರೆ ಸ್ಯಾಂಪಲ್ ಅದಲುಬದಲು ಆಗಿರಲಿಕ್ಕಿಲ್ಲ. ಸ್ಲೈಡ್ ಮೇಲೆ ನೋಡುವಾಗ, ಪಾಸಿಟಿವ್ ನೆಗೆಟಿವ್ ತೀರ್ಮಾನಿಸುವ ಡಿ ಆಂಟಿಜನ್ ದುರ್ಬಲವಾಗಿದ್ದರೆ ಒಂದು ಕಡೆ ಪಾಸಿಟಿವ್, ಇನ್ನೊಂದು ಕಡೆ ನೆಗೆಟಿವ್ ಅಂತ ಬರೆಯೋದು ಉಂಟು. ಅದು ಬೇರೆ ಕಥೆ. ಟ್ಯೂಬ್ ವಿಧಾನದಲ್ಲಿ ಮತ್ತೆ ನೋಡಬೇಕು.

ನಾಗರಾಜ್, ಗುಬ್ಬಿ: ಸಿಕ್ಕಿತು. ಮೊದಲನೆಯದರಲ್ಲಿ 71. ತುಮಕೂರಿನದರಲ್ಲಿ 88. ಹಿಮೋಗ್ಲೋಬಿನ್ 9.2 ಮತ್ತು 12.1. ರಕ್ತ ಹಾಕಿಸಿಲ್ಲ. ಮೊದಲನೆಯದು ನೋಡಿ ಡಾಕ್ಟರು ಕಬ್ಬಿಣದ ಮಾತ್ರೆ ಜಾಸ್ತಿ ಮಾಡಿದ್ದರು.

ಶೋಭಾ, ತುಮಕೂರು: ಹಾಗಾದರೆ ಆ ಹಾಳೆಯನ್ನು ತಿದ್ದಿಸಬೇಡಿ. ನೀವು ಮಾಡಬೇಕಾದ್ದು ಹೀಗಿದೆ.

ಮೊದಲು ರಕ್ತ. ತುಮಕೂರಿನ ಆಸ್ಪತ್ರೆಯವರೂ ಒಂದೇ ಸಲ ನೋಡಿರೋದು. ಆದ್ದರಿಂದ ಹೊಸದಾಗಿ ರಕ್ತ ಕೊಟ್ಟು ಗುಂಪು ಇನ್ನೊಮ್ಮೆ ಮಾಡಿಸಿ. ರಕ್ತ ತೆಗೆದ ತಕ್ಷಣ, ಮಂಜುಳಾ ಇನ್ನೂ ಕುರ್ಚಿಯಲ್ಲಿ ಕೂತಿರುವಾಗಲೇ ಟ್ಯೂಬ್ ಮೇಲೆ ಹೆಸರು ಬರೆಯಲು ಹೇಳಿ. ಪೂರ್ತಿ ಹೆಸರು ಮತ್ತು ಆಸ್ಪತ್ರೆಯ ನಂಬರ್ ಎರಡೂ ಇರಲಿ. ಅವರು ಹೆಸರು ಓದಿ ಹೇಳಿ ನೀವು ಹೂಂ ಅನ್ನುವುದು ಬೇಡ, ಹೆಸರು ನೀವೇ ಹೇಳಿ. ಹೆಚ್ಚಿನ ಅದಲುಬದಲು ಲ್ಯಾಬಿನ ಮೆಷಿನ್‌ನಲ್ಲಿ ಆಗೋದಲ್ಲ, ಈ ಕುರ್ಚಿಯ ಹತ್ತಿರವೇ ಆಗೋದು.

ಆಮೇಲೆ ಲ್ಯಾಬ್. ಅರ್ಜಿಯಲ್ಲಿ ‘ಹೆಸರು ತಿದ್ದಿ’ ಅಂತ ಬರೆಯಬೇಡಿ. ಹೀಗೆ ಬರೆಯಿರಿ: “ಈ ತಾರೀಕು, ಈ ಲ್ಯಾಬ್ ನಂಬರಿನ ರಿಪೋರ್ಟ್ ನನ್ನ ಪತ್ನಿಯದಲ್ಲ ಎಂದು ಅನುಮಾನವಿದೆ. ಆ ದಿನದ ರಿಜಿಸ್ಟರ್ ನೋಡಿ ತಿಳಿಸಿ. ಬೇರೆಯವರದ್ದಾಗಿದ್ದರೆ ನನ್ನ ಪತ್ನಿಯ ಹೆಸರಿನಲ್ಲಿ ಕೊಟ್ಟಿದ್ದನ್ನು ರದ್ದು ಮಾಡಿ, ಲಿಖಿತ ಉತ್ತರ ಕೊಡಿ.” ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕರಿಸಿದ್ದಕ್ಕೆ ಸೀಲ್, ಸಹಿ ಹಾಕಿಸಿಕೊಳ್ಳಿ. ಮೂಲ ರಿಪೋರ್ಟ್ ಕೈಬಿಡಬೇಡಿ, ಜೆರಾಕ್ಸ್ ಮಾತ್ರ ಕೊಡಿ. ಕೆಲವರು ಹಳೆಯದನ್ನು ಇಸ್ಕೊಂಡು ಹರಿದು ಹೊಸದು ಕೊಡುತ್ತಾರೆ. ಅದು ತಿದ್ದುಪಡಿ ಅಲ್ಲ, ಗುರುತು ಅಳಿಸುವುದು. ಸರಿಯಾದ ತಿದ್ದುಪಡಿ ರಿಪೋರ್ಟಿನಲ್ಲಿ ಅದು ತಿದ್ದಿದ ರಿಪೋರ್ಟ್ ಅಂತ, ಯಾವತ್ತು ತಿದ್ದಿದ್ದು, ಏನು ಬದಲಾಯಿತು ಅಂತ ಇರಬೇಕು.

ರಿಜಿಸ್ಟರಿನಲ್ಲಿ ಬಿ ನೆಗೆಟಿವ್ ಅಂತಿದ್ದು ಟೈಪ್ ಮಾಡುವಾಗ ಮಾತ್ರ ತಪ್ಪಾಗಿದ್ದರೆ ಹೊಸ ರಕ್ತ ಇಲ್ಲದೆಯೇ ತಿದ್ದಬಹುದಿತ್ತು. ನಿಮ್ಮ 71, 88 ನೋಡಿದರೆ ಹಾಗಿರಲಾರದು.

ರುಕ್ಮಿಣಿ, ಶಿರಾ: ಬಸಿರಾದಾಗ ರಕ್ತದ ಗುಂಪು ಬದಲಾಗುತ್ತೆ ಅಂತ ನಮ್ಮ ಕಡೆ ಹೇಳ್ತಾರಲ್ಲ?

ಇಮ್ರಾನ್, ಲ್ಯಾಬ್ ಟೆಕ್ನಿಷಿಯನ್: ಇಲ್ಲಕ್ಕ. ಬೇರೆಯವರ ಮೂಳೆ ಮಜ್ಜೆ ಕಸಿ ಮಾಡಿಸಿದವರಲ್ಲಿ ಬದಲಾಗಬಹುದು. ಬಸಿರಿನಲ್ಲಿ ಇಲ್ಲ. ಎರಡು ರಿಪೋರ್ಟಿನಲ್ಲಿ ಎರಡು ಗುಂಪು ಬಂದಾಗ ಸಮಾಧಾನಕ್ಕೆ ಹಾಗೆ ಹೇಳಿಬಿಡ್ತಾರೆ.

ನಾಗರಾಜ್, ಗುಬ್ಬಿ: ನನ್ನದು ಓ ಪಾಸಿಟಿವ್. ಇದರಿಂದ ತೊಂದರೆಯಾ? ಹೆರಿಗೆ ಹೊತ್ತಿಗೆ ರಕ್ತ ಬೇಕಾದರೆ ತಪ್ಪು ರಕ್ತ ಕೊಟ್ಟುಬಿಡ್ತಾರಾ?

ಇಮ್ರಾನ್, ಲ್ಯಾಬ್ ಟೆಕ್ನಿಷಿಯನ್: ಆ ಭಯ ಕಡಿಮೆ. ರಕ್ತನಿಧಿಯವರು ಕಾರ್ಡ್ ನೋಡಿ ರಕ್ತ ಕೊಡಲ್ಲ. ಹೊಸ ಸ್ಯಾಂಪಲ್ ತರಿಸಿ ಗುಂಪು ನೋಡಿ, ಕ್ರಾಸ್‌ಮ್ಯಾಚ್ ಮಾಡಿಯೇ ಕೊಡೋದು. ನಿಮ್ಮ ವಿಷಯದಲ್ಲಿ ನಿಜವಾದ ತೊಂದರೆ ಆಂಟಿ-ಡಿ ಇಂಜೆಕ್ಷನ್ ತಪ್ಪಿಹೋಗೋದು. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ತಾಯಿಯ ಮೈಯಲ್ಲಿ ಮಗುವಿನ ರಕ್ತಕಣದ ವಿರುದ್ಧ ಪ್ರತಿಕಾಯ ಹುಟ್ಟಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಮುಂದಿನ ಮಗುವಿಗೆ ಕಷ್ಟ. ಅದಕ್ಕೆ 28ನೇ ವಾರದ ಸುಮಾರಿಗೆ ಒಂದು, ಹೆರಿಗೆಯಾಗಿ ಮಗು ಪಾಸಿಟಿವ್ ಇದ್ದರೆ 72 ಗಂಟೆಯೊಳಗೆ ಇನ್ನೊಂದು ಕೊಡ್ತಾರೆ. ಅದಕ್ಕೂ ಮೊದಲು, ಆ ಪ್ರತಿಕಾಯ ಆಗಲೇ ಹುಟ್ಟಿದೆಯಾ ಅಂತ ನೋಡೋ ಇನ್‌ಡೈರೆಕ್ಟ್ ಕೂಂಬ್ಸ್ ಅನ್ನೋ ಪರೀಕ್ಷೆ. ಕಾರ್ಡಿನಲ್ಲಿ ಪಾಸಿಟಿವ್ ಅಂತಿದ್ದರೆ ಇದ್ಯಾವುದನ್ನೂ ಯಾರೂ ಕೇಳೋದೇ ಇಲ್ಲ. ನಡುವೆ ರಕ್ತಸ್ರಾವ ಆದರೂ ತಡಮಾಡದೆ ಡಾಕ್ಟರಿಗೆ ನೆಗೆಟಿವ್ ಬಂದಿದೆ ಅಂತ ಹೇಳಿ.

ಶೋಭಾ, ತುಮಕೂರು: ಕಾರ್ಡಿನ ವಿಷಯ ನಾನು ಹೇಳಬೇಕೆಂದಿದ್ದೆ. ಮತ್ತೆ ಮಾಡಿಸಿದ ಗುಂಪು ಬಂದ ಮೇಲೆ ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ ಹೋಗಿ. ನೀವೇ ಪೆನ್ನಿನಲ್ಲಿ ತಿದ್ದಬೇಡಿ, ವೈಟ್ನರ್ ಅಂತೂ ಬೇಡವೇ ಬೇಡ. ಹಳೆಯದು ಓದುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಕು ಹಾಕಬೇಕು. ಕಂಪ್ಯೂಟರಿನಲ್ಲಿ ತಾಯಿ ಕಾರ್ಡಿನ ನಂಬರ್ ಹಾಕಿ ಅಲ್ಲೂ ಬದಲಾಯಿಸಲು ಹೇಳಿ. ಕಾಗದದಲ್ಲಿ ಸರಿಯಾಗಿ ಕಂಪ್ಯೂಟರಿನಲ್ಲಿ ಹಳೆಯದೇ ಉಳಿಯೋದು ನಾನು ಬಹಳ ನೋಡಿದ್ದೇನೆ.

ಅಂದಹಾಗೆ, ಕಾರ್ಡಿನ ವಯಸ್ಸು 26 ನೋಡಿಕೊಂಡು ಬೇರೆ ಯಾವುದಾದರೂ ಪರೀಕ್ಷೆ ಮಾಡಿಸಿದ್ದೀರಾ? ಮಗುವಿಗೆ ಡೌನ್ ಸಿಂಡ್ರೋಮ್ ಸಂಭವ ಎಷ್ಟು ಅಂತ ನೋಡುವ ಡಬಲ್ ಮಾರ್ಕರ್?

ನಾಗರಾಜ್, ಗುಬ್ಬಿ: 12ನೇ ವಾರದಲ್ಲಿ ಮಾಡಿಸಿದ್ದೆವು ಮೇಡಂ. ‘ಕಡಿಮೆ ರಿಸ್ಕ್’ ಅಂತ ಬಂದಿದೆ. ಈಗ ತೆಗೆದು ನೋಡಿದರೆ ಅದರಲ್ಲೂ 26 ಅಂತಿದೆ.

ಶೋಭಾ, ತುಮಕೂರು: ಎಲ್ಲಕ್ಕಿಂತ ಮೊದಲು ಇದನ್ನು ಹಿಡಿದುಕೊಂಡು ಹೋಗಿ, ನಾಳೆಯೇ. ಡಬಲ್ ಮಾರ್ಕರ್‌ನಲ್ಲಿ ವಯಸ್ಸು ಬರೀ ಮೇಲಿನ ಸಾಲಲ್ಲ, ಲೆಕ್ಕದ ಒಳಗೇ ಸೇರುತ್ತದೆ. ಡೌನ್ ಸಿಂಡ್ರೋಮ್ ಸಂಭವ 26ರ ತಾಯಿಗೆ ಸುಮಾರು ಸಾವಿರಕ್ಕೂ ಹೆಚ್ಚು ಮಂದಿಗೆ ಒಬ್ಬರು, 36ಕ್ಕೆ ಸುಮಾರು 300ಕ್ಕೆ ಒಬ್ಬರು. ಕೌಂಟರಿನವರು 26 ಅಳಿಸಿ 36 ಮಾಡಿ ಅದೇ ‘ಕಡಿಮೆ ರಿಸ್ಕ್’ ಇರುವ ಹಾಳೆ ಪ್ರಿಂಟ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಸಾಫ್ಟ್‌ವೇರಿಗೆ ಹುಟ್ಟಿದ ತಾರೀಕು ಹಾಕಿ ಮತ್ತೆ ಲೆಕ್ಕ ಮಾಡಿಸಬೇಕು. ಆ ದಿನದ ರಕ್ತದ ಅಂಕಿ, ಸ್ಕ್ಯಾನಿನ ಅಂಕಿ ಅವರ ಹತ್ತಿರ ಇರುತ್ತವೆ, ಮತ್ತೆ ರಕ್ತ ಬೇಕಾಗಲ್ಲ. ಹಳೆಯ ಮತ್ತು ಹೊಸ ಹಾಳೆಯಲ್ಲಿ ರಿಸ್ಕಿನ ಅಂಕಿ ಒಂದೇ ಇದ್ದರೆ ಲೆಕ್ಕ ಮಾಡಿಲ್ಲ ಅಂತ ಅರ್ಥ. ಅಂಕಿ ಮೇಲೇರಿದರೆ ಮುಂದೇನು ಅನ್ನೋದು ನಿಮ್ಮ ಡಾಕ್ಟರ ಮಾತು.

ಮಂಜುನಾಥ್, ಕುಣಿಗಲ್: ಇವರೆಲ್ಲ ಎಷ್ಟು ದಿನದಲ್ಲಿ ಕೊಡಲೇಬೇಕು ಅಂತ ಕಾನೂನಿದೆಯಾ? 72 ಗಂಟೆ ಅಂತ ಕೇಳಿದ್ದೆ.

ಶೋಭಾ, ತುಮಕೂರು: 2002ರ ವೈದ್ಯಕೀಯ ಮಂಡಳಿ ನಿಯಮದಲ್ಲಿ ಇರೋದು, ರೋಗಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಅಂತ. ಅದು ಇರುವ ದಾಖಲೆಯ ಮಾತು, ತಿದ್ದುಪಡಿಯದ್ದಲ್ಲ. ಅದಕ್ಕೇ ನಾನು ಹೇಳೋದು: ತಿದ್ದಿಸುವ ಮೊದಲು ಇರುವುದರ ನಕಲು ತೆಗೆದುಕೊಳ್ಳಿ.

ನಾಗರಾಜ್, ಗುಬ್ಬಿ (ಆರು ದಿನದ ನಂತರ): ಗುಂಪು ಮತ್ತೆ ಬಿ ನೆಗೆಟಿವ್ ಬಂತು. ಕೂಂಬ್ಸ್ ನೆಗೆಟಿವ್, ಒಳ್ಳೆಯದು ಅಂದರು. ಕಾರ್ಡಿನಲ್ಲಿ ಸಿಸ್ಟರ್ ಗೆರೆ ಎಳೆದು ಸಹಿ ಹಾಕಿದರು. ಕಂಪ್ಯೂಟರಿನಲ್ಲಿ ಇನ್ನೂ ಆಗಿಲ್ಲ, ಸರ್ವರ್ ಇಲ್ಲವಂತೆ. ಡಬಲ್ ಮಾರ್ಕರ್ ಲೆಕ್ಕ ಸೋಮವಾರ ಕೊಡ್ತಾರೆ.

ಲ್ಯಾಬಿನವರು ಮೊದಲು ಒಪ್ಪಲಿಲ್ಲ. ಎಂಸಿವಿ ತೋರಿಸಿದ ಮೇಲೆ ರಿಜಿಸ್ಟರ್ ತೆಗೆದರು. ಆ ದಿನ ಹನ್ನೊಂದನೇ ಸಾಲಿನಲ್ಲಿ ಮಂಜುಳಾ ಎನ್., ಹನ್ನೆರಡನೇ ಸಾಲಿನಲ್ಲಿ ಮಂಜುಳ ಎಂ. ನಮ್ಮ ರಿಪೋರ್ಟ್ ಅವರು ಒಯ್ದಿದ್ದಾರೆ. ಅವರೂ ಬಸುರಿಯಂತೆ.

ಶೋಭಾ, ತುಮಕೂರು: ಅವರಿಗೆ ಹೇಳಿದರಾ? ಅವರ ಹಿಮೋಗ್ಲೋಬಿನ್ 9.2 ಅಂತ ಅವರಿಗೆ ಗೊತ್ತೇ ಇಲ್ಲ ಅಲ್ವಾ!

ನಾಗರಾಜ್, ಗುಬ್ಬಿ: ರಿಜಿಸ್ಟರಿನಲ್ಲಿ ಬರೆದ ಫೋನ್ ನಂಬರಿಗೆ ಒಂಬತ್ತೇ ಅಂಕಿ ಇದೆ ಮೇಡಂ. ಊರು ನಿಟ್ಟೂರು ಅಂತಿದೆ. ಅಲ್ಲಿನ ಆಶಾ ಕಾರ್ಯಕರ್ತೆ ನಮ್ಮ ಅತ್ತಿಗೆಗೆ ಪರಿಚಯ. ಸಂಜೆ ಹೋಗಿ ಬರ್ತೀನಿ.