ಅಡಿಕೆ ಸುಲಿತದ ದಿನಗಳಲ್ಲಿ ಎದೆಯುರಿ: ರಾತ್ರಿ ಊಟದ ಹೊತ್ತು

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು)

ಮೇಡಂ, ನನಗೆ 46 ವರ್ಷ. ಕೊಯ್ಲು ಶುರುವಾದ ಮೇಲೆ ರಾತ್ರಿ ಒಂದು ಗಂಟೆ ಹೊತ್ತಿಗೆ ಎದೆ ಉರಿದು ಎಚ್ಚರ ಆಗ್ತದೆ, ಹುಳಿನೀರು ಗಂಟಲಿಗೆ ಬರ್ತದೆ. ಸುಲಿತ ಮುಗಿದು ಊಟ ಮಾಡೋದು ಹತ್ತೂವರೆಗೆ, ಮಲಗೋದು ಹನ್ನೊಂದಕ್ಕೆ. ಉರಿ ಬಂದಾಗ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗ್ತೇನೆ. ಸೊಂಟನೋವಿಗೆ ಮೆಡಿಕಲ್‌ನಿಂದ ತಂದ ಮಾತ್ರೆ ಬೆಳಿಗ್ಗೆ ಕಾಫಿ ಜೊತೆ ತಗೊಳ್ತೇನೆ. ಖಾರ, ಉಪ್ಪಿನಕಾಯಿ ಎರಡೂ ಬಿಟ್ಟೆ, ಕಮ್ಮಿ ಆಗಿಲ್ಲ. ಇನ್ನೇನು ಬಿಡಬೇಕು?

ಉತ್ತರ (ಆಹಾರ ತಜ್ಞೆ, ಶಿವಮೊಗ್ಗ)

ಸದ್ಯಕ್ಕೆ ಇನ್ನೇನೂ ಬಿಡಬೇಡಿ. ಮೊದಲು ಊಟದ ಹೊತ್ತು ಬದಲಿಸಿ ನೋಡಿ.

ಹೊಟ್ಟೆತುಂಬ ಉಂಡದ್ದು ಜಠರದಿಂದ ಕೆಳಗಿಳಿಯಲು ಮೂರು–ನಾಲ್ಕು ಗಂಟೆ ಬೇಕು. ಎಣ್ಣೆ, ತುಪ್ಪ, ಕಾಯಿ ಜಾಸ್ತಿ ಇದ್ದರೆ ಇನ್ನೂ ತಡ. ನೀವು ಉಂಡ ಅರ್ಧ ಗಂಟೆಗೇ ಮಲಗುತ್ತೀರಿ. ಅನ್ನನಾಳದ ಬುಡದಲ್ಲಿ ಆಮ್ಲ ತಡೆಯುವ ಬಿಗಿಯಾದ ಸ್ನಾಯು ಒಂದಿದೆ. ಅದು ಆಗಾಗ ಸಡಿಲ ಆಗ್ತದೆ, ಹೊಟ್ಟೆ ತುಂಬಿದ್ದಾಗ ಇನ್ನೂ ಹೆಚ್ಚು. ಕೂತಿದ್ದರೆ ಆಮ್ಲ ತನ್ನ ಭಾರಕ್ಕೆ ಕೆಳಗೇ ಉಳಿಯುತ್ತದೆ, ಮಲಗಿದರೆ ಸಲೀಸಾಗಿ ಮೇಲೆ ಬರುತ್ತದೆ. ನಿದ್ದೆಯಲ್ಲಿ ಎಂಜಲು ನುಂಗುವುದೂ ಕಡಿಮೆ, ಹಾಗಾಗಿ ಬಂದ ಆಮ್ಲ ತೊಳೆದು ಹೋಗುವುದಿಲ್ಲ. ನಿಮಗೆ ಒಂದು ಗಂಟೆಗೆ ಎಚ್ಚರ ಆಗುವುದು ಇದಕ್ಕೇ ಸರಿಯಾಗಿ ಹೊಂದುತ್ತದೆ.

ಸುಲಿತದ ಮನೆಗಳಲ್ಲಿ ಒಂದು ಬದಲಾವಣೆ ಮಾಡಬಹುದು. ಮುಖ್ಯ ಊಟ ಸುಲಿಯಲು ಕೂರುವ ಮೊದಲೇ, ಸಂಜೆ ಏಳಕ್ಕೆ ಆಗಲಿ. ಉಂಡವರೇ ಮೆಟ್ಟುಗತ್ತಿ ಮುಂದೆ ಕೂರಬೇಡಿ. ಬೆನ್ನು ಬಾಗಿಸಿ ಕೂತಾಗ ಹೊಟ್ಟೆ ಒತ್ತುತ್ತದೆ, ಆಗಲೂ ಆಮ್ಲ ಮೇಲೇರುತ್ತದೆ. ಊಟವಾಗಿ ಅರ್ಧ ಮುಕ್ಕಾಲು ಗಂಟೆ ಹಂಡೆ ಒಲೆ ನೋಡುವುದು, ಗೊನೆ ಬಿಡಿಸಿಟ್ಟದ್ದು ಸಾಗಿಸುವುದು, ಹೀಗೆ ನಿಂತು ಮಾಡುವ ಕೆಲಸ ಇಟ್ಟುಕೊಳ್ಳಿ. ಪಂಚೆಯ ಮೇಲೆ ಬೆಲ್ಟ್ ಬಿಗಿದಿದ್ದರೆ ಸಡಿಲ ಮಾಡಿ. ಎಂಟೂವರೆಗೆ ಸುಲಿಯುವವರಿಗೆ ಅಂತ ಬರುವ ಕಾಫಿ, ಬಜ್ಜಿ ನಿಮಗೆ ಬೇಡ. ಹತ್ತಕ್ಕೆ ಹಸಿವಾದರೆ ಒಂದು ಸಣ್ಣ ಬಟ್ಟಲು ತೆಳು ಗಂಜಿ ಸಾಕು.

ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಆರು–ಎಂಟು ಇಂಚು ಎತ್ತರಕ್ಕೆ ಮರದ ತುಂಡು ಭದ್ರವಾಗಿ ಇಡಿ. ಎರಡು ದಿಂಬು ಹಾಕಿದರೆ ಕುತ್ತಿಗೆ ಮಾತ್ರ ಮೇಲಾಗುತ್ತದೆ, ಹೊಟ್ಟೆ ಮಡಚುತ್ತದೆ. ಎಡಮಗ್ಗುಲಿಗೆ ಮಲಗಿದರೆ ಬಲಮಗ್ಗುಲಿಗಿಂತ ಉರಿ ಕಡಿಮೆ.

ಎರಡು ಮಾತ್ರೆಗಳ ಬಗ್ಗೆಯೂ ಹೇಳಬೇಕು. ಪ್ಯಾಂಟೊಪ್ರಜೋಲ್ ಉರಿ ಬಂದಾಗ ನುಂಗಿದರೆ ಆ ಹೊತ್ತಿಗೆ ಹೆಚ್ಚು ಪ್ರಯೋಜನ ಇಲ್ಲ. ತಿಂಡಿಗೆ ಅರ್ಧ ಗಂಟೆ ಮೊದಲು ತಗೊಂಡರೆ, ತಿಂಡಿ ಹೊಟ್ಟೆ ಸೇರಿ ಆಮ್ಲ ಉತ್ಪತ್ತಿ ಶುರುವಾಗುವಾಗ ಅದು ಕೆಲಸಕ್ಕೆ ಸಿದ್ಧ ಇರುತ್ತದೆ. ಎಷ್ಟು ದಿನ ಅನ್ನುವುದನ್ನು ಡಾಕ್ಟರ್ ಹೇಳಲಿ. ಸೊಂಟನೋವಿನ ಮಾತ್ರೆಯ ಹೆಸರು ಬರೆಯಿರಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯದ್ದಾದರೆ ಅದೇ ಹೊಟ್ಟೆಯ ಒಳಪದರ ಕೆಡಿಸುತ್ತಿರಬಹುದು.

ಸಾಗರದ ಸದಸ್ಯ: ಅಣ್ಣಾ, ಇಷ್ಟೆಲ್ಲ ಯಾಕೆ? ಮಲಗುವ ಮುಂಚೆ ಒಂದು ದೊಡ್ಡ ಲೋಟ ತಣ್ಣನೆ ಹಾಲು ಕುಡೀರಿ. ನಮ್ಮ ಮನೇಲಿ ಎಲ್ಲರಿಗೂ ಅದೇ ಮದ್ದು, ಕ್ಷಣದಲ್ಲಿ ತಂಪು.

ಆಹಾರ ತಜ್ಞೆ: ಕ್ಷಣದ ತಂಪು ನಿಜ. ಆಮೇಲೆ ಹಾಲಿನ ಪ್ರೋಟೀನು, ಸುಣ್ಣದಂಶ ಸೇರಿ ಮತ್ತೆ ಆಮ್ಲ ಬರಿಸುತ್ತವೆ, ಕೆನೆಹಾಲಾದರೆ ಹೊಟ್ಟೆ ಖಾಲಿಯಾಗುವುದೂ ತಡ. ಮಲಗುವಾಗ ದೊಡ್ಡ ಲೋಟ ಕುಡಿದರೆ ತುಂಬಿದ ಹೊಟ್ಟೆಯಲ್ಲೇ ಮಲಗಿದಂತೆ. ಹಾಲು ಬೇಕೆಂದರೆ ಸಂಜೆ ಕುಡಿಯಿರಿ.

ಹೊಸನಗರದ ಸದಸ್ಯೆ: ನಮ್ಮ ಮಾವನವರಿಗೂ ಇದೇ ಗ್ಯಾಸ್ಟ್ರಿಕ್ ಮೇಡಂ. ತೋಟದಿಂದ ಮನೆ ಏರು ಹತ್ತುವಾಗ ಎದೆ ಉರಿಯುತ್ತದೆ, ಬೆವರ್ತಾರೆ, ನಿಂತು ಸುಧಾರಿಸಿಕೊಂಡರೆ ಸರಿ ಹೋಗ್ತದೆ. ಅವರಿಗೂ ಏಳು ಗಂಟೆಗೆ ಊಟ ಹಾಕಿದರೆ ಸಾಕಾ?

ಆಹಾರ ತಜ್ಞೆ: ಇದು ಬೇರೆ ಸಮಸ್ಯೆ, ದಯವಿಟ್ಟು ಊಟದ ಲೆಕ್ಕಕ್ಕೆ ಹಾಕಬೇಡಿ. ಏರು ಹತ್ತಿದಾಗ ಬಂದು ನಿಂತಾಗ ಹೋಗುವ ಉರಿ ಹೃದಯದ್ದಾಗಿರುವ ಸಾಧ್ಯತೆ ಇದೆ. ಇವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಏರು ಹತ್ತುವಾಗ ಬರುತ್ತದೆ ಅನ್ನುವುದನ್ನು ಮರೆಯದೆ ಹೇಳಿ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಾಗಿ ಬಂದರೂ ಅಲ್ಲಿಗೆ ಬಿಡಬೇಡಿ. ಕೂತಿದ್ದಾಗಲೇ ನೋವು ಬಂದು ಹೋಗದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಕೊಪ್ಪದ ಸದಸ್ಯೆ: ಒಂದೆಲಗದ ತಂಬುಳಿ ಹೊಟ್ಟೆಗೆ ತಂಪು ಅಂತ ನಮ್ಮ ಕಡೆ ದಿನಾ ಮಾಡ್ತೇವೆ. ಆದರೆ ಮಜ್ಜಿಗೆ ಹುಳಿ ಅಲ್ವಾ? ತಿನ್ನಬಹುದಾ?

ಆಹಾರ ತಜ್ಞೆ: ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ ಅಕ್ಕಾ. ನನ್ನ ಹತ್ತಿರ ಬರುವವರಲ್ಲಿ ಕೆಲವರಿಗೆ ಸಿಹಿಮಜ್ಜಿಗೆಯ ತಂಬುಳಿ ಹಿತ, ಕೆಲವರಿಗೆ ಅದೇ ಉರಿ. ಎರಡು ವಾರ ಒಂದು ಹಾಳೆಯಲ್ಲಿ ತಿಂದದ್ದು, ಹೊತ್ತು, ಮಲಗಿದ ಸಮಯ, ಉರಿ ಬಂದ ಸಮಯ ಬರೆಯಿರಿ. ಮೂರು ಸಲ ತಿಂದು ಮೂರೂ ಸಲ ಉರಿ ಬಂದರೆ ಆ ಪದಾರ್ಥವನ್ನು ಅನುಮಾನಿಸಿ. ಒಮ್ಮೆ ಬಂದದ್ದಕ್ಕೆ ಬಿಡುತ್ತಾ ಹೋದರೆ ಕೊನೆಗೆ ತಟ್ಟೆಯಲ್ಲಿ ಬರೀ ಅನ್ನ ಉಳಿಯುತ್ತದೆ, ಅಂಥವರನ್ನು ನೋಡಿ ನನಗೆ ಬೇಸರ ಆಗುತ್ತದೆ. ಆದರೆ ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಪರೀಕ್ಷಿಸಿ ನೋಡುವ ಅಗತ್ಯವೇ ಇಲ್ಲ, ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರು (ಕೆಲವು ವಾರ ಕಳೆದು): ಮೇಡಂ, ಏಳಕ್ಕೆ ಆಗಲಿಲ್ಲ ಮಾರಾಯ್ರೇ, ಸುಲಿಯೋರು ಬರೋದೇ ಏಳಕ್ಕೆ. ಆರೂಮುಕ್ಕಾಲಿಗೆ ನಾನೊಬ್ಬನೇ ಉಣ್ತಾ ಇದ್ದೇನೆ, ಮನೆಯವರಿಗೆ ಅದೊಂದು ಅಸಮಾಧಾನ. ಮಂಚ ಎತ್ತರಿಸಿದೆ. ರಾತ್ರಿ ಎಚ್ಚರ ಆಗೋದು ತುಂಬ ಕಮ್ಮಿ ಆಗಿದೆ. ಆದರೆ ಬೆಳಿಗ್ಗೆ ಬರಿಹೊಟ್ಟೇಲಿ ಎದೆಗೂಡಿನ ಕೆಳಗೆ ಕೊರೆದ ಹಾಗೆ ನೋವು ಹಾಗೇ ಇದೆ. ಸೊಂಟದ ಮಾತ್ರೆ ಡೈಕ್ಲೊಫೆನಾಕೇ. ಈಗ ತಿಂಡಿ ತಿಂದು ತಗೊಳ್ತೇನೆ.

ಆಹಾರ ತಜ್ಞೆ: ಮೇಲೆ ಬರುವ ಉರಿಗೆ ಹೊತ್ತು, ಮಂಚ ಎರಡೂ ನೆರವಾದವು. ಬರಿಹೊಟ್ಟೆಯ ಕೊರೆತ ಜಠರದ ಒಳಪದರದ ತೊಂದರೆ ಇರಬಹುದು, ಹುಣ್ಣೂ ಆಗಿರಬಹುದು. ಅದು ಊಟದ ಕ್ರಮದಿಂದ ಮಾತ್ರ ಹೋಗುವುದಿಲ್ಲ. ಡೈಕ್ಲೊಫೆನಾಕ್ ತಿಂಡಿ ಆದ ಮೇಲೆ ತಗೊಂಡರೂ ಅಪಾಯ ಪೂರ್ತಿ ತಪ್ಪಲ್ಲ. ಅದು ರಕ್ತ ಸೇರಿದ ಮೇಲೂ ಒಳಪದರದ ರಕ್ಷಣೆಯನ್ನು ತಗ್ಗಿಸುತ್ತದೆ. ನಿಲ್ಲಿಸಿ, ಸೊಂಟಕ್ಕೆ ಬೇರೆ ದಾರಿ ಡಾಕ್ಟರ್ ಹತ್ತಿರ ಕೇಳಿ.

ಅವರು ಹೆಲಿಕೋಬ್ಯಾಕ್ಟರ್ ಪೈಲೋರಿ ಪರೀಕ್ಷೆ ಬರೆಯಬಹುದು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಕಂಡುಹಿಡಿದ ಬ್ಯಾಕ್ಟೀರಿಯಾ ಇದು. ಇದ್ದರೆ ಆ್ಯಂಟಿಬಯೋಟಿಕ್ ಕೋರ್ಸ್ ಪೂರ್ತಿ ಮುಗಿಸಬೇಕು. ಉಸಿರು ಅಥವಾ ಮಲ ಪರೀಕ್ಷೆಗೆ ಎರಡು ವಾರ ಮೊದಲು ಪ್ಯಾಂಟೊಪ್ರಜೋಲ್ ನಿಲ್ಲಿಸಬೇಕಾಗುತ್ತದೆ, ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು. ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ.

ಮಲ ಡಾಂಬರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ತುತ್ತು ಗಂಟಲಲ್ಲಿ ಸಿಕ್ಕಿಕೊಂಡಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ ಅದನ್ನೂ ಬೇಗ ತೋರಿಸಬೇಕು. ಕಬ್ಬಿಣದಂಶದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ನೀವು ತಿನ್ನುತ್ತಿದ್ದರೆ ಅದನ್ನೂ ಹೇಳಿ.

ಪ್ರಶ್ನೆ ಕೇಳಿದವರು: ಕಬ್ಬಿಣದ ಮಾತ್ರೆ ಇಲ್ಲ. ಮಲ ಕಪ್ಪಾಗಿಲ್ಲ. ಸೋಮವಾರ ಶಿವಮೊಗ್ಗಕ್ಕೆ ಬರ್ತೇನೆ, ಬರೆದ ಹಾಳೆ ತರ್ತೇನೆ.